ಮೊದಲು ಬಂದ ಆ ನೂರೈವತ್ತು ರೂಪಾಯಿ

ಹೋದ ಎರಡನೇ ಶನಿವಾರ ಬ್ಯಾಂಕಿಗೆ ರಜೆ ಇತ್ತು. ಹಾಸನದ ಒಂದು ಡಿಗ್ರಿ ಕಾಲೇಜಿನವರು ಮೊದಲ ವರ್ಷದ ಮಕ್ಕಳಿಗೆ ಆನ್‌ಲೈನ್ ಮೋಸದ ಬಗ್ಗೆ ಮಾತಾಡಿ ಎಂದು ಕರೆದಿದ್ದರು. ಹದಿನಾಲ್ಕು ವರ್ಷದಿಂದ ಕೌಂಟರಿನಲ್ಲಿ ಕೂತು ಇಂಥ ಕೇಸುಗಳನ್ನು ನೋಡುತ್ತಿದ್ದೇನೆ, ಒಪ್ಪಿಕೊಂಡೆ. ಅಲ್ಲಿ ಆಡಿದ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಈ ವರ್ಷ ಕಾಲೇಜು ಸೇರಿದವರು ಅಥವಾ ಮೊದಲ ಕೆಲಸಕ್ಕೆ ಹೋದವರು ಇದ್ದರೆ ಅವರಿಗೆ ಓದಿಸಿ.

ಎಲ್ಲ ಥರದ ಮೋಸದ ಬಗ್ಗೆಯೂ ಹೇಳಲು ಹೋಗಲಿಲ್ಲ. ಹಾಗೆ ಹೇಳಿದರೆ ಒಂದೂ ನೆನಪಲ್ಲಿ ಉಳಿಯಲ್ಲ. ಈ ವಯಸ್ಸಿನವರು ನನ್ನ ಕೌಂಟರಿಗೆ ಜಾಸ್ತಿ ಬರುವುದು ಒಂದೇ ಕಾರಣಕ್ಕೆ: ಮೊಬೈಲಿನಲ್ಲಿ ಮಾಡುವ ‘ಪಾರ್ಟ್ ಟೈಮ್ ಟಾಸ್ಕ್’ ಕೆಲಸ. ಅದನ್ನು ಒಬ್ಬ ಹುಡುಗನ ಪಾಸ್‌ಬುಕ್ ಇಟ್ಟುಕೊಂಡು ಸಾಲು ಸಾಲಾಗಿ ಹೇಳಿದೆ.

ಆ ಹುಡುಗ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ್ದ. ಮೊದಲ ಸಂಬಳ 18,400 ರೂಪಾಯಿ. ಖಾತೆಯಲ್ಲಿ ಇದ್ದದ್ದೂ ಅಷ್ಟೇ. ಗೊತ್ತಿಲ್ಲದ ನಂಬರಿನಿಂದ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಂತು. ‘ನಾವು ಎಚ್‌ಆರ್, ಹೋಟೆಲುಗಳಿಗೆ ಸ್ಟಾರ್ ರೇಟಿಂಗ್ ಕೊಡುವ ಕೆಲಸ ಇದೆ, ಒಂದು ರೇಟಿಂಗಿಗೆ 50 ರೂಪಾಯಿ, ದಿನಕ್ಕೆ ಅರ್ಧ ಗಂಟೆ ಸಾಕು’ ಅಂತ. ಮೂರು ಹೋಟೆಲಿಗೆ ಐದು ಸ್ಟಾರ್ ಒತ್ತಿ ಸ್ಕ್ರೀನ್‌ಶಾಟ್ ಕಳಿಸಿದ. ಹತ್ತು ನಿಮಿಷದಲ್ಲಿ 150 ರೂಪಾಯಿ ಖಾತೆಗೆ ಬಂತು.

ಅವನು ಬಿದ್ದದ್ದು ಇಲ್ಲೇ. ‘ಸರ್, ಮೋಸ ಮಾಡೋರಾಗಿದ್ರೆ ಅವರೇ ಯಾಕೆ ದುಡ್ಡು ಹಾಕ್ತಿದ್ರು?’ ಅಂತ ನನ್ನನ್ನೇ ಕೇಳಿದ. ಕೇಳಬೇಕಾದ ಪ್ರಶ್ನೆಯೇ ಅದು. ಅದಕ್ಕೆ ಉತ್ತರವೂ ಇದೆ. ಈ 150 ರೂಪಾಯಿ ಅವರ ಜೇಬಿನದಲ್ಲ, ಸಾಮಾನ್ಯವಾಗಿ ನಿನ್ನೆ ಇನ್ಯಾರೋ ಕಳೆದುಕೊಂಡ ದುಡ್ಡಿನದೇ ಒಂದು ಚೂರು. ಗಾಳಕ್ಕೆ ಸಿಕ್ಕಿಸಿದ ಎರೆಹುಳ ಅದು.

ಆಮೇಲೆ ಮಾತುಕತೆ ಟೆಲಿಗ್ರಾಂಗೆ ಹೋಯಿತು. ಅಲ್ಲೊಂದು ಗುಂಪು, ಅದರಲ್ಲಿ ನೂರಾರು ಜನ. ‘ನನಗೆ ಇವತ್ತು 3,900 ಬಂತು’, ‘ನನಗೆ 13,000 ಬಂತು’ ಅಂತ ನಿಮಿಷಕ್ಕೊಂದು ಸ್ಕ್ರೀನ್‌ಶಾಟ್. ಅವರೆಲ್ಲ ಬೇರೆ ಬೇರೆ ಜನ ಅಂತ ನಾವು ಅಂದುಕೊಳ್ಳುತ್ತೇವೆ. ಬಹುತೇಕ ಹೆಸರುಗಳ ಹಿಂದೆ ಇರುವುದು ಆ ಗ್ಯಾಂಗಿನವರೇ. ಗುಂಪಿನಲ್ಲಿ ನಿಜವಾದ ಹೊಸಬ ನೀವೊಬ್ಬರೇ ಇರಬಹುದು. ಜೊತೆಗೆ ಅವನಿಗೊಂದು ವೆಬ್‌ಸೈಟಿನ ಲಾಗಿನ್ ಕೊಟ್ಟರು. ಒಳಗೆ ಹೋದರೆ ‘ನಿಮ್ಮ ವಾಲೆಟ್’ ಅಂತ ಬ್ಯಾಲೆನ್ಸ್ ಕಾಣುತ್ತೆ.

ಎರಡನೇ ದಿನ ‘ಪ್ರೀಪೇಯ್ಡ್ ಟಾಸ್ಕ್’ ಶುರು. ಮೊದಲು ನೀವು ದುಡ್ಡು ಹಾಕಬೇಕು, ಟಾಸ್ಕ್ ಮುಗಿದ ಮೇಲೆ ಲಾಭ ಸೇರಿಸಿ ವಾಪಸ್ ಕೊಡುತ್ತಾರೆ. 1,000 ಹಾಕಿದ, 1,300 ಬಂತು. 2,000 ಹಾಕಿದ, 2,600 ಬಂತು. ಇದು ವೆಬ್‌ಸೈಟಿನ ಲೆಕ್ಕ ಅಲ್ಲ, ನಿಜವಾಗಿ ಅವನ ಖಾತೆಗೇ ಬಂತು. ಹಾಗಾಗಿ ‘ವಿತ್‌ಡ್ರಾ ಮಾಡಿ ನೋಡಿ, ಬಂದರೆ ಸಾಚಾ’ ಅನ್ನುವ ಪರೀಕ್ಷೆಯನ್ನು ದಯವಿಟ್ಟು ನಂಬಬೇಡಿ. ಸಣ್ಣ ಮೊತ್ತ ವಾಪಸ್ ಕೊಡುವುದು ಅವರ ಯೋಜನೆಯದೇ ಭಾಗ.

ಅಲ್ಲಿಗೆ ಅವನಿಗೆ 1,050 ರೂಪಾಯಿ ಲಾಭ. ಮೂರನೇ ದಿನ ‘ಕಾಂಬೋ ಟಾಸ್ಕ್’ ಕೊಟ್ಟರು. ಮೂರು ಹಂತ, ಮೂರೂ ಮುಗಿಸಿದರೆ ಮಾತ್ರ ದುಡ್ಡು ಹೊರಗೆ ಬರುತ್ತೆ. ಮೊದಲ ಹಂತ 3,000, ಎರಡನೇದು 5,000. ಎರಡೂ ಕಟ್ಟಿದ. ಆಗ ಒಂದು ಮೆಸೇಜ್: ‘ನೀವು ತಪ್ಪು ಬಟನ್ ಒತ್ತಿದಿರಿ, ನಿಮ್ಮಿಂದ ಇಡೀ ಗುಂಪಿನ ದುಡ್ಡು ನಿಂತಿದೆ, ಸರಿ ಮಾಡಲು 10,000 ಕಟ್ಟಿ.’ ಗುಂಪಿನಲ್ಲಿ ಇಬ್ಬರು ಬೈಯಲು ಶುರು ಮಾಡಿದರು. ಒಬ್ಬಳು ‘ನನ್ನ ಅಮ್ಮನ ಆಪರೇಷನ್ ದುಡ್ಡು ಅದು, ಬೇಗ ಕಟ್ಟಣ್ಣಾ’ ಅಂತ ಅಳುವ ವಾಯ್ಸ್ ಮೆಸೇಜ್ ಹಾಕಿದಳು. ಅವನು ಒಳ್ಳೆ ಹುಡುಗ. ತನ್ನಿಂದ ಇನ್ನೊಬ್ಬರಿಗೆ ತೊಂದರೆ ಆಗಬಾರದು ಅಂತ ಬೆಳಿಗ್ಗೆ ಒಂಬತ್ತು ಮುಕ್ಕಾಲಿಗೆ 10,000 ಕಳಿಸಿದ. ಇಂಥವರನ್ನು ದುರಾಸೆಯವರು ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತೆ.

ಈಗ ವಾಲೆಟ್‌ನಲ್ಲಿ 27,400 ರೂಪಾಯಿ ಕಾಣುತ್ತಿತ್ತು. ಅದನ್ನು ತೆಗೆಯಲು ಶೇಕಡಾ 30 ‘ಟ್ಯಾಕ್ಸ್’, ಅಂದರೆ 8,220 ರೂಪಾಯಿ ಮೊದಲು ಕಟ್ಟಬೇಕಂತೆ. ಖಾತೆಯಲ್ಲಿ ಉಳಿದಿದ್ದು 1,450. ಸ್ನೇಹಿತ ಸಾಲ ಕೊಡುತ್ತೇನೆ ಎಂದಿದ್ದ, ಅದು ಬಂತಾ ನೋಡಿ ಅಂತ ಕೇಳಲು ಹನ್ನೊಂದೂಕಾಲಿಗೆ ನನ್ನ ಕೌಂಟರಿಗೆ ಬಂದ.

ಪಾಸ್‌ಬುಕ್ ಎಂಟ್ರಿ ಹಾಕಿಸಿ ಅವನ ಮುಂದೆ ಇಟ್ಟೆ. ‘ತಮ್ಮಾ, ದುಡ್ಡು ಬಿಡು, ಹೆಸರು ಮಾತ್ರ ಓದು’ ಅಂದೆ. ಓದಿದ. ಅವನು ದುಡ್ಡು ಕಳಿಸಿದ್ದು ಐದು ಸಲ. ಐದು ಸಲವೂ ಬೇರೆ ಬೇರೆ ಹೆಸರು. ಒಂದು ಹೆಂಗಸಿನ ಹೆಸರು, ಒಂದು ಹಣ್ಣಿನ ಅಂಗಡಿ, ಒಂದು ಯಾವುದೋ ಟ್ರೇಡರ್ಸ್, ಇನ್ನೆರಡು ಹುಡುಗರ ಹೆಸರು. ಕೆಲಸ ಕೊಟ್ಟ ಕಂಪನಿಯ ಹೆಸರು ಎಲ್ಲೂ ಇರಲಿಲ್ಲ. ಅವನು ಪಾಸ್‌ಬುಕ್ ಮುಚ್ಚಿ ಸುಮ್ಮನೆ ನಿಂತುಬಿಟ್ಟ.

ಮಕ್ಕಳಿಗೆ ನಾನು ಒತ್ತಿ ಹೇಳಿದ್ದು ಇದನ್ನೇ. ಯುಪಿಐನಲ್ಲಿ ಪಿನ್ ಒತ್ತುವ ಮೊದಲು ದುಡ್ಡು ಯಾರಿಗೆ ಹೋಗುತ್ತಿದೆ ಅಂತ ಒಂದು ಹೆಸರು ಬರುತ್ತೆ. ಅದು ಆ ಖಾತೆಗೆ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರು. ನಾವು ಮೊತ್ತ ನೋಡುತ್ತೇವೆ, ಹೆಸರು ನೋಡಲ್ಲ. ಅಲ್ಲಿ ಎರಡು ಸೆಕೆಂಡ್ ನಿಲ್ಲಿ. ಕಂಪನಿಗೆ ಕಟ್ಟುತ್ತಿದ್ದೇನೆ ಅಂದುಕೊಂಡಾಗ ಯಾರದೋ ಹೆಸರು ಬಂದರೆ ವಾಪಸ್ ಬನ್ನಿ. ಮುಂದಿನ ಸಲ ಇನ್ನೊಂದೇ ಹೆಸರು ಬಂದರಂತೂ ಯೋಚನೆ ಮಾಡುವುದೇ ಬೇಡ. ಇನ್ನೊಂದು ವಿಷಯ. ನಿಮ್ಮ ದುಡ್ಡನ್ನು ನಿಮಗೆ ಕೊಡಲು ಮತ್ತೆ ದುಡ್ಡು ಕೇಳಿದರೆ ಆ ವಾಲೆಟ್‌ನಲ್ಲಿ ದುಡ್ಡೇ ಇಲ್ಲ. ಅದು ಪರದೆ ಮೇಲೆ ಬರೆದ ಒಂದು ಅಂಕಿ ಅಷ್ಟೇ. ನಿಜವಾದ ತೆರಿಗೆಯನ್ನು ಸಂಬಳ ಕೊಡುವವರು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಮೊದಲು ಯಾರದೋ ಖಾತೆಗೆ ಕಳಿಸಿ ಅನ್ನುವುದಿಲ್ಲ.

ನಾನು ಅವನಿಂದ ಅಲ್ಲೇ 1930ಕ್ಕೆ ಫೋನ್ ಮಾಡಿಸಿದೆ. ಅದು ಸೈಬರ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ಅವರು ಕೇಳುವುದು ನಿಮ್ಮ ಬ್ಯಾಂಕ್, ಖಾತೆ, ಮೊತ್ತ, ಸಮಯ, ಮತ್ತು ಪ್ರತಿ ವ್ಯವಹಾರದ ಯುಟಿಆರ್ ನಂಬರ್. ಯುಪಿಐ ಆ್ಯಪ್‌ನಲ್ಲಿ ಆ ವ್ಯವಹಾರ ತೆರೆದರೆ ಹನ್ನೆರಡು ಅಂಕಿಯ ಆ ನಂಬರ್ ಸಿಗುತ್ತೆ. ಅದನ್ನು ಹಿಡಿದು ದುಡ್ಡು ಹೋದ ಬ್ಯಾಂಕಿಗೆ ಸೂಚನೆ ಹೋಗುತ್ತೆ, ಅಲ್ಲಿ ಉಳಿದಿದ್ದರೆ ತಡೆಹಿಡಿಯುತ್ತಾರೆ. ಕದ್ದವರು ಸುಮ್ಮನೆ ಕೂರಲ್ಲ. ಒಂದು ಖಾತೆಯಿಂದ ನಾಲ್ಕಕ್ಕೆ, ಅಲ್ಲಿಂದ ಇನ್ನೂ ಹತ್ತಕ್ಕೆ ಹರಿದು ಹಂಚಿ, ಎಟಿಎಂನಲ್ಲಿ ತೆಗೆಯುತ್ತಾರೆ ಅಥವಾ ಕ್ರಿಪ್ಟೊ ಮಾಡಿಬಿಡುತ್ತಾರೆ. ಅದಕ್ಕೇ ಒಂದು ಗಂಟೆ, ಎರಡು ಗಂಟೆ ಅನ್ನುವುದು ಇಲ್ಲಿ ದೊಡ್ಡ ವ್ಯತ್ಯಾಸ. ಆಮೇಲೆ cybercrime.gov.in ನಲ್ಲಿ ಪೂರ್ತಿ ದೂರು ಬರೆಯಬೇಕು. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ಚಾಟ್ ಅಳಿಸಬೇಡಿ. ನಾಚಿಕೆಯಿಂದ ಅಳಿಸಿ ಬರುವವರೇ ಜಾಸ್ತಿ.

ಅವನ ಕೊನೆಯ 10,000ದಲ್ಲಿ 4,200 ಇನ್ನೂ ಮೊದಲ ಖಾತೆಯಲ್ಲೇ ಇತ್ತು, ಅದನ್ನು ತಡೆದರು. ತಡೆದ ಕೂಡಲೇ ಕೈಗೆ ಬರಲ್ಲ, ಪ್ರಕ್ರಿಯೆಗೆ ತಿಂಗಳುಗಳೇ ಹಿಡಿಯಬಹುದು. ಹಿಂದಿನ 8,000ದಲ್ಲಿ ಏನೂ ಸಿಗಲಿಲ್ಲ. ವಾರದ ನಂತರ ‘ನಾನು ಹ್ಯಾಕರ್, ನಿನ್ನ ದುಡ್ಡು ತೆಗೆಸಿಕೊಡ್ತೀನಿ, 2,000 ಫೀಸ್’ ಅಂತ ಅವನಿಗೆ ಇನ್ನೊಬ್ಬ ಮೆಸೇಜ್ ಮಾಡಿದ. ಮೋಸ ಹೋದವರನ್ನೇ ಹುಡುಕಿಕೊಂಡು ಬರುವ ಎರಡನೇ ಮೋಸ ಇದು. ಈ ಸಲ ಅವನು ನನಗೆ ಫೋನ್ ಮಾಡಿ ಕೇಳಿದ, ಬಚಾವಾದ.

ಆ ಮೊದಲ 150 ರೂಪಾಯಿಗೆ ಇನ್ನೊಂದು ಬಾಲವೂ ಇದೆ. ಅದು ಕದ್ದ ದುಡ್ಡು ಅಂದೆನಲ್ಲ. ಅದನ್ನು ಕಳೆದುಕೊಂಡವರು ದೂರು ಕೊಟ್ಟರೆ ಆ ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಹುಡುಕುವಾಗ ನಿಮ್ಮ ಖಾತೆಯೂ ಸಿಗುತ್ತೆ. ಬೇರೆ ರಾಜ್ಯದ ಪೊಲೀಸರ ಸೂಚನೆ ಮೇಲೆ ನಿಮ್ಮ ಖಾತೆಯಲ್ಲಿ ದುಡ್ಡು ಹಿಡಿದಿಡಬಹುದು, ಕೆಲವು ಸಲ ಇಡೀ ಖಾತೆಯೇ ನಿಂತುಬಿಡುತ್ತೆ. ಸ್ಕಾಲರ್‌ಶಿಪ್ ಬರುವ ಖಾತೆ ಹಾಗೆ ನಿಂತು ಪರದಾಡಿದ ಹುಡುಗಿಯನ್ನು ನಾನು ನೋಡಿದ್ದೇನೆ.

ಪಾಸ್‌ಬುಕ್ಕಿನ ಆ ಐದು ಹೆಸರುಗಳು ಯಾರು? ಇದನ್ನು ಕೇಳಿದಾಗ ಹಾಲ್ ಪೂರ್ತಿ ಸುಮ್ಮನಾಯಿತು. ಇಂಥ ಖಾತೆಗಳು ಬಹಳ ಸಲ ಬಾಡಿಗೆ ಖಾತೆಗಳು. ಕಾಲೇಜು ಹುಡುಗರಿಗೆ ನಾಲ್ಕೈದು ಸಾವಿರ ಕೊಟ್ಟು ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ತೆಗೆದುಕೊಂಡು ಹೋಗುತ್ತಾರೆ. ‘ಗೇಮಿಂಗ್ ಕಂಪನಿ, ಟ್ಯಾಕ್ಸ್ ಉಳಿಸೋಕೆ’ ಅಂತ ಏನೋ ಒಂದು ಕಾರಣ ಹೇಳುತ್ತಾರೆ. ಕೊಟ್ಟ ಹುಡುಗನಿಗೆ ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತೇ ಇರಲ್ಲ. ಆದರೆ ಪೊಲೀಸರು ಮೊದಲು ಬರುವುದು ಅವನ ಮನೆಗೆ. ಖಾತೆ ಅವನ ಹೆಸರಲ್ಲಿ, ಆಧಾರ್ ಅವನದು. ಅಂದರೆ ಒಂದು ತುದಿಯಲ್ಲಿ ದುಡ್ಡು ಕಳೆದುಕೊಳ್ಳುವ ವಿದ್ಯಾರ್ಥಿ, ಇನ್ನೊಂದು ತುದಿಯಲ್ಲಿ ಕೇಸಿಗೆ ಸಿಕ್ಕಿಕೊಳ್ಳುವ ವಿದ್ಯಾರ್ಥಿ. ಮಧ್ಯದವನು ಟೆಲಿಗ್ರಾಂನಲ್ಲಿ ಹೆಸರು ಬದಲಿಸಿಕೊಂಡು ಹೋಗುತ್ತಾನೆ.

ಮಾತು ಮುಗಿಸಿ ಇಳಿದಾಗ ಒಬ್ಬ ಹುಡುಗಿ ಬಾಗಿಲ ಹತ್ತಿರ ಕಾಯುತ್ತಿದ್ದಳು. ‘ಸರ್, ನನ್ ರೂಮ್‌ಮೇಟ್ ಹೋದ ತಿಂಗಳು ಎಟಿಎಂ, ಸಿಮ್ ಎರಡೂ ಕೊಟ್ಟಿದಾಳೆ. ಈಗ ಏನ್ ಮಾಡ್ಬೇಕು?’ ಅಂದಳು. ಧ್ವನಿ ನಡುಗುತ್ತಿತ್ತು. ಮೊದಲು ಆ ಸಿಮ್ ಬ್ಲಾಕ್ ಮಾಡಿಸಿ ಅದೇ ನಂಬರಿಗೆ ಹೊಸ ಸಿಮ್ ತೆಗೆದುಕೊಳ್ಳಲಿ, ಬ್ಯಾಂಕಿನ ಸಹಾಯವಾಣಿಗೆ ಇವತ್ತೇ ಫೋನ್ ಮಾಡಿ ಕಾರ್ಡು, ಯುಪಿಐ ನಿಲ್ಲಿಸಲಿ, ಕಾರ್ಡು ಯಾರಿಗೆ, ಯಾವಾಗ ಕೊಟ್ಟಳು ಅಂತ ಒಂದು ಹಾಳೆಯಲ್ಲಿ ಬರೆದಿಡಲಿ ಎಂದೆ. ಮನೆಯವರಿಗೆ ಹೇಳಲು ಹೆದರುತ್ತಿದ್ದಾಳಂತೆ. ‘ಮನೆಗೂ ಹೇಳ್ಬೇಕಮ್ಮಾ, ಬೇಕಾದ್ರೆ ನಾನೇ ಮಾತಾಡ್ತೀನಿ’ ಅಂತ ನನ್ನ ನಂಬರ್ ಕೊಟ್ಟೆ. ಸೋಮವಾರ ಹತ್ತು ಗಂಟೆಗೆ ಇಬ್ಬರೂ ಬರುತ್ತಾರೆ. ಅವಳ ಖಾತೆ ಬೇರೆ ಬ್ಯಾಂಕಿನಲ್ಲಿದೆ, ಅಲ್ಲಿಗೆ ನಾನೂ ಜೊತೆಗೆ ಹೋಗುತ್ತೇನೆ. ಅಲ್ಲಿಂದ ಸಿಇಎನ್ ಠಾಣೆಗೆ.