ಸೊನ್ನೆ ಇನ್ಸೆಂಟಿವ್, ಭರ್ಜರಿ ಕಡಿತ

ಫುಡ್ ಡೆಲಿವರಿ ಆಪ್‌ನಿಂದ ಈ ವಾರದ ಪೇಔಟ್ ಬಂತು. ಮೊದಲ ಸಾಲು ನೋಡಿದರೆ ನಾನೇ ಸಾಹುಕಾರ. ಕೆಳಗೆ ಇಳಿದಂತೆ ಹೊಟ್ಟೆ ಉರಿ.

ಇನ್ಸೆಂಟಿವ್: ಸೊನ್ನೆ. ಟಾರ್ಗೆಟ್‌ಗೆ ಒಂದೇ ಒಂದು ಆರ್ಡರ್ ಕಮ್ಮಿಯಂತೆ. ಆ ಆರ್ಡರ್ ಬಂದಿತ್ತು ಸ್ವಾಮಿ! ಭಾನುವಾರ ರಾತ್ರಿ ಹೋಟೆಲ್ ಬಾಗಿಲಲ್ಲಿ ಕಾದು ಕಾದು ನಿಂತಿದ್ದೆ. ಅಡುಗೆ ತಡವಾಯಿತು, ಗ್ರಾಹಕರು ಕ್ಯಾನ್ಸಲ್ ಮಾಡಿದರು. ಡೆಲಿವರಿ ಆಗಿಲ್ಲ, ಹಾಗಾಗಿ ಟಾರ್ಗೆಟ್ ಲೆಕ್ಕಕ್ಕೆ ಇಲ್ಲ. ಸರಿ, ಬಿಡಿ. ಆದರೆ ದಂಡದ ಸಾಲಿನಲ್ಲಿ ಅದೇ ಆರ್ಡರ್ ನಂಬರ್ ಹೇಗೆ ಬಂತು? ದುಡ್ಡು ಕೊಡುವಾಗ ಕಾಣದ ಆರ್ಡರ್ ಕಿತ್ತುಕೊಳ್ಳುವಾಗ ಮಾತ್ರ ಫಳಫಳ ಹೊಳೆಯುತ್ತದೆ, ಅಲ್ವಾ?

ಮುಂದಿನ ಸಾಲು, ಕ್ಯಾಶ್ ಹೊಂದಾಣಿಕೆ. ಗ್ರಾಹಕರು ಕೈಗೆ ಕೊಟ್ಟ ದುಡ್ಡನ್ನು ಭಾನುವಾರವೇ ಕಟ್ಟಿದ್ದೆ. ಆಪ್‌ನಲ್ಲಿ ಅದು ಏರಿದ್ದು ಸೋಮವಾರ. ಅಷ್ಟರಲ್ಲಿ ವಾರದ ಲೆಕ್ಕ ಮುಗಿದಿತ್ತು. ಕಟ್ಟಿದ ದುಡ್ಡನ್ನೇ ಪೇಔಟ್‌ನಿಂದ ಮತ್ತೆ ಮುರಿದುಕೊಂಡರು. ಮುಂದಿನ ವಾರ ವಾಪಸ್ ಬರುತ್ತದಂತೆ. ಪೆಟ್ರೋಲ್ ಬಂಕಿನವರಿಗೂ ಹೀಗೇ ಹೇಳಲಾ?

ಆಮೇಲೆ ಬ್ಯಾಗಿನ ಕಂತು. ಜಿಪ್ ಕಿತ್ತುಹೋಗಿದೆ, ಕಂತು ಮಾತ್ರ ಗಟ್ಟಿಮುಟ್ಟಾಗಿದೆ.

ಹೆಲ್ಪ್ ಒತ್ತಿದೆ. ಯಾವ ಸಾಲಿನ ಬಗ್ಗೆ ಅಂತ ಬರೆಯುವ ಮೊದಲೇ ಉತ್ತರ ಬಂತು: 'ನಿಮ್ಮ ದೂರು ಬಗೆಹರಿದಿದೆ. ರೇಟಿಂಗ್ ಕೊಡಿ.'