ಅಮ್ಮನ ದಾನಪತ್ರದಲ್ಲಿ ಎರಡು ಸಾಲು ಬರೆಸಿದರೆ ಮರ್ಯಾದೆ ಹೋಗುತ್ತದಾ?

"ಹೆತ್ತ ಮಗನ ಮ್ಯಾಲ ನಂಬಿಕಿ ಇಲ್ಲೇನಲೇ? ಮದ್ರಾಸ್ ನೀರು ಕುಡಿದು ಹಿಂಗಾದಿ ನೋಡು" ಅಂತ ಸೋದರಮಾವ ಎಲ್ಲರೆದುರು ಅಂದುಬಿಟ್ಟ. ನಾನು ಕೇಳಿದ್ದು ಇಷ್ಟೇ. ಬಳ್ಳಾರಿಯ ಮನೆಯನ್ನು ಅಮ್ಮ ತಮ್ಮನಿಗೆ ದಾನಪತ್ರ ಮಾಡಿಕೊಡುವಾಗ, ಬದುಕಿರುವವರೆಗೆ ಆ ಮನೆಯಲ್ಲಿರುವ ಹಕ್ಕು ಅಮ್ಮನದೇ ಅಂತ ಪತ್ರದಲ್ಲಿ ಬರೆಸೋಣ ಅಂದೆ. ಮನೆ ನನಗೆ ಬೇಡ, ತಮ್ಮನಿಗೇ ಹೋಗಲಿ ಅಂತ ನಾನೂ ತಂಗಿಯೂ ಮೊದಲೇ ಒಪ್ಪಿದ್ದೆವು. ಆದರೂ ಪರವೂರಿಗೆ ಹೋದವನು ಲೆಕ್ಕ ಹಾಕುತ್ತಾನೆ ಅನ್ನುವ ಮಾತು ಬಂತು. ತಮ್ಮನ ಹೆಂಡತಿ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಚೆನ್ನೈನಲ್ಲಿ ನಮ್ಮ ಪಕ್ಕದ ಮನೆಯವರು ನಿವೃತ್ತರು. ಹೋದ ವರ್ಷ ಫ್ಲ್ಯಾಟನ್ನು ಮಗಳ ಹೆಸರಿಗೆ ಬರೆದರು. ಅಲ್ಲಿ ಇದನ್ನು ಸೆಟಲ್‌ಮೆಂಟ್ ಪತ್ರ ಅಂತಾರೆ. ತಾವಿಬ್ಬರೂ ಇರುವವರೆಗೆ ವಾಸದ ಹಕ್ಕು ತಮ್ಮದು, ಆಮೇಲೆ ಪೂರ್ತಿ ಮಗಳದು ಅಂತ ಅದರಲ್ಲೇ ಇದೆ. ಮಗಳೇ ಪಕ್ಕದಲ್ಲಿ ಕೂತು ಆ ಸಾಲು ಓದಿ ಸಹಿ ಹಾಕಿದಳು. ಮುನಿಸಿಲ್ಲ, ಏನಿಲ್ಲ. ಅವತ್ತೇ ಸಂಜೆ ನಮ್ಮನೆಗೆ ಕೇಸರಿಬಾತ್ ಕೊಟ್ಟು ಹೋದರು.

ದುಡ್ಡಿನ ವಿಷಯದಲ್ಲಿ ಮಾತ್ರ ನಮ್ಮೂರೇ ವಾಸಿ. ತಮಿಳುನಾಡಿನಲ್ಲಿ ಕುಟುಂಬದೊಳಗಿನ ಇಂಥ ಪತ್ರಕ್ಕೆ ಸರ್ಕಾರಿ ಬೆಲೆಯ ಮೇಲೆ ನೂರಕ್ಕೆ ಒಂದರಂತೆ ಮುದ್ರಾಂಕ ಶುಲ್ಕ, ಆದರೆ 40,000ಕ್ಕಿಂತ ಹೆಚ್ಚಿಲ್ಲ. ನೋಂದಣಿ ಶುಲ್ಕ ಇನ್ನೊಂದು ಶೇಕಡಾ, ಅದಕ್ಕೆ 10,000ದ ಮಿತಿ. ಪಕ್ಕದವರ ಫ್ಲ್ಯಾಟಿನ ಬೆಲೆ 60 ಲಕ್ಷ ಬಂದಿತ್ತು, ಹಾಗಾಗಿ ಎರಡೂ ಮಿತಿ ಮುಟ್ಟಿ 50,000 ಕಟ್ಟಿದರು. ಕರ್ನಾಟಕದಲ್ಲಿ ತಂದೆತಾಯಿ ಮಕ್ಕಳಿಗೆ ಕೊಟ್ಟರೆ ಮನೆ ಬೆಲೆ ಎಷ್ಟೇ ಇರಲಿ, ಶುಲ್ಕ ಒಂದೇ ಗೊತ್ತಾದ ಮೊತ್ತ. ಮಹಾನಗರ ಪಾಲಿಕೆ, ಪುರಸಭೆ, ಹಳ್ಳಿ ಅಂತ ಜಾಗ ನೋಡಿ ಅದು ಬದಲಾಗುತ್ತದೆ ಅಷ್ಟೇ. ನಮಗೆ ಸೆಸ್ಸು, ನೋಂದಣಿ ಎಲ್ಲ ಸೇರಿಸಿದರೂ ಹತ್ತು ಸಾವಿರ ಮುಟ್ಟಲಿಲ್ಲ. ಅದೇ ಮನೆಯನ್ನು ಹೊರಗಿನವರಿಗೆ ದಾನ ಕೊಟ್ಟಿದ್ದರೆ ಮಾರ್ಗಸೂಚಿ ಬೆಲೆಯ ಮೇಲೆ ನೂರಕ್ಕೆ ಐದು, ಮೇಲೆ ಸೆಸ್ಸು ಬೇರೆ. ಇಷ್ಟು ಅಗ್ಗ ಇರುವುದಕ್ಕೇ ಏನೋ, ನಮ್ಮ ಕಡೆ ದಾನಪತ್ರವನ್ನು ಸಂಜೆ ಚಹಾ ಕುಡಿದಷ್ಟು ಸಲೀಸಾಗಿ ಮಾಡಿಬಿಡುತ್ತಾರೆ. ಯಾರೂ ಪತ್ರ ಓದುವುದಿಲ್ಲ.

ನಾನು ಓದಿದೆ. ಪತ್ರ ಬರೆಯುವವರ ಕಂಪ್ಯೂಟರಿನಲ್ಲಿ ಒಂದು ಸಿದ್ಧ ನಮೂನೆ ಇರುತ್ತದೆ. ಹೆಸರು, ಚಕ್ಕುಬಂದಿ ಬದಲಾಯಿಸಿದರೆ ಮುಗಿಯಿತು. ಅದರಲ್ಲಿ ಪ್ರೀತಿ ವಾತ್ಸಲ್ಯದಿಂದ ಕೊಟ್ಟಿದ್ದೇನೆ, ಈ ದಿವಸವೇ ಸ್ವಾಧೀನ ಬಿಟ್ಟುಕೊಟ್ಟಿದ್ದೇನೆ, ಇನ್ನು ಮುಂದೆ ನನಗೆ ಸದರಿ ಸ್ವತ್ತಿನಲ್ಲಿ ಯಾವ ಹಕ್ಕೂ ಇರುವುದಿಲ್ಲ ಅಂತ ಇರುತ್ತದೆ. ಎಪ್ಪತ್ತು ದಾಟಿದ ಅಮ್ಮ, ಮೇಲಿನ ಮನೆಯ ಬಾಡಿಗೆಯಲ್ಲಿ ಔಷಧಿ ತಗೊಳ್ಳುವವಳು, ಇದಕ್ಕೆ ಸಹಿ ಹಾಕಬೇಕು!

ಮನೆ ಕೊಟ್ಟು ವಾಸದ ಹಕ್ಕು ಇಟ್ಟುಕೊಂಡರೆ ದಾನ ಊರ್ಜಿತವಾಗಲ್ಲ ಅಂತ ಪತ್ರ ಬರೆಯುವವರು ಮೊದಲು ವಾದ ಮಾಡಿದರು. ಅದು ತಪ್ಪು. ದಾನ ಕೊಟ್ಟವರು ಬದುಕಿರುವವರೆಗೆ ಸ್ವಾಧೀನ, ಬಾಡಿಗೆ ಇಟ್ಟುಕೊಂಡರೂ ದಾನಕ್ಕೆ ಏನೂ ಕುಂದಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಬೇಕಿರುವುದು ಮಕ್ಕಳು ಅದನ್ನು ತಾಯಿ ಇರುವಾಗಲೇ ಒಪ್ಪಿಕೊಂಡಿರುವುದು, ಇಬ್ಬರು ಸಾಕ್ಷಿ, ನೋಂದಣಿ. ಊರ್ಜಿತವಾಗದಿರುವ ಸಾಲು ಬೇರೆಯೇ ಇದೆ. ನನಗೆ ಇಷ್ಟ ಬಂದಾಗ ವಾಪಸ್ ತಗೊಳ್ಳುತ್ತೇನೆ ಅಂತ ಬರೆದರೆ ಆ ದಾನವೇ ನಿಲ್ಲುವುದಿಲ್ಲ. ಹಾಗಾಗಿ ನಾವು ಆ ದಾರಿ ಬಿಟ್ಟು ಎರಡು ಸಾಲು ಸೇರಿಸಿದೆವು. ಒಂದು, ಅಮ್ಮ ಇರುವವರೆಗೆ ಕೆಳಮನೆಯ ವಾಸ, ಮೇಲ್ಮನೆಯ ಬಾಡಿಗೆ ಅವಳದು. ಇನ್ನೊಂದು, ಅವಳ ಊಟ, ಆಸ್ಪತ್ರೆ, ಆರೈಕೆ ಮಗನ ಜವಾಬ್ದಾರಿ, ಈ ಷರತ್ತಿನ ಮೇಲೆಯೇ ದಾನ.

ಎರಡನೇ ಸಾಲಿಗೆ ತುಂಬ ಬೆಲೆ ಇದೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟು, ಆಮೇಲೆ ಮಗ ನೋಡಿಕೊಳ್ಳದಿದ್ದರೆ, ಸಿವಿಲ್ ಕೋರ್ಟಿಗೆ ವರ್ಷಗಟ್ಟಲೆ ಅಲೆಯದೆ ನ್ಯಾಯಮಂಡಳಿಯಲ್ಲೇ ಪತ್ರ ರದ್ದು ಮಾಡಿಸಬಹುದು. ನಮ್ಮಲ್ಲಿ ಅದಕ್ಕೆ ಉಪವಿಭಾಗಾಧಿಕಾರಿ ಅಧ್ಯಕ್ಷರು. ಷರತ್ತೇ ಇಲ್ಲದ ಪತ್ರಕ್ಕೆ ಈ ಕಲಂ ಸಿಗಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಸ್ವಲ್ಪ ಉದಾರವಾಗಿ ನೋಡಿ, ತಾಯಿಗೆ ಆಸ್ತಿ ವಾಪಸ್ ಕೊಡಿಸಿತು. ಆ ಕೇಸಿನಲ್ಲೂ ನೋಡಿಕೊಳ್ಳುತ್ತೇನೆ ಅಂತ ಮಗ ಬರೆದುಕೊಟ್ಟ ಮಾತು ಇತ್ತು ಅನ್ನುವುದನ್ನು ಮರೆಯಬಾರದು.

ಸಾಲು ಸೇರಿಸಿದರೆ ಸಾಲದು, ಹಳೇದನ್ನು ತೆಗೆಯಬೇಕು. ನಮ್ಮ ಕರಡಿನಲ್ಲಿ ಮೂರನೇ ಪುಟದಲ್ಲಿ ಅಮ್ಮನಿಗೆ ವಾಸದ ಹಕ್ಕು ಅಂತ ಬಂತು, ನಾಲ್ಕನೇ ಪುಟದಲ್ಲಿ "ಯಾವ ಹಕ್ಕೂ ಇರುವುದಿಲ್ಲ" ಹಾಗೇ ಉಳಿದಿತ್ತು. ಒಂದೇ ಪತ್ರ ಎರಡು ನಾಲಿಗೆಯಲ್ಲಿ ಮಾತಾಡಿದರೆ ನಾಳೆ ವಕೀಲರಿಗೆ ಹಬ್ಬ. ಜೊತೆಗೆ, ಮುಂದೆ ಖಾತೆಯಲ್ಲಿ ತಮ್ಮನ ಹೆಸರು ಮಾತ್ರ ಬರುತ್ತದೆ, ಅಮ್ಮನ ಹಕ್ಕು ಅಲ್ಲಿ ಕಾಣಿಸಲ್ಲ. ಅದಕ್ಕೇ ದೃಢೀಕೃತ ನಕಲು ಒಂದು ಅಮ್ಮನ ಟ್ರಂಕಿನಲ್ಲೇ ಇರಬೇಕು.

ಇಷ್ಟೆಲ್ಲ ಬೈದ ಮೇಲೆ ನಮ್ಮೂರಿನ ಪರವಾಗಿಯೂ ಹೇಳಲೇಬೇಕು. ನೋಂದಣಿಗೆ ಮೊದಲು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಕರಡು ಹಾಕಬೇಕು. ಕಚೇರಿಯವರು ಪರಿಶೀಲಿಸಿದ ಮೇಲೆ ಶುಲ್ಕ ಕಟ್ಟಿ ಸಮಯ ಪಡೆಯಬೇಕು. 2024ರ ಅಕ್ಟೋಬರಿನಿಂದ ಪಟ್ಟಣದ ಆಸ್ತಿಗೆ ಇ-ಖಾತೆ ಇಲ್ಲದೆ ಕೆಲಸ ಮುಂದೆ ಹೋಗಲ್ಲ. ನಮಗೆ ಅಲ್ಲೇ ತಡವಾಯಿತು. ಖಾತೆಯಲ್ಲಿ ಅಮ್ಮನ ಹೆಸರಿನ ಮುಂದೆ ಅಪ್ಪನ ಹೆಸರು, ಆಧಾರಿನಲ್ಲಿ ತಾತನದು. ಪ್ರಮಾಣಪತ್ರ ಕೊಟ್ಟು ಸರಿಮಾಡಿಸಲು ವಾರಗಟ್ಟಲೆ ಹಿಡಿಯಿತು, ನನಗೆ ಸಿಟ್ಟು ಬಂತು. ಆದರೆ ಹಳೇ ಕೈಬರಹದ ಖಾತೆಯಲ್ಲಿ ಒಂದೇ ಮನೆ ಇಬ್ಬರ ಹೆಸರಲ್ಲಿ ಇದ್ದ ಕಾಲ ನೋಡಿದವರಿಗೆ ಈ ತಡ ಸುಮ್ನೆ ಅಲ್ಲ ಅಂತ ಅರ್ಥವಾಗುತ್ತದೆ.

ನೋಂದಣಿಯ ದಿನ ಉಪನೋಂದಣಾಧಿಕಾರಿ ನಮ್ಮನ್ನೆಲ್ಲ ಸ್ವಲ್ಪ ಹಿಂದೆ ಸರಿಸಿ ಅಮ್ಮನನ್ನೇ ಕೇಳಿದರು. "ಅಮ್ಮಾ, ಇದರಾಗ ಏನ್ ಬರದಾರ ಗೊತ್ತೈತೇನು? ಮನಿ ಯಾರಿಗಿ ಕೊಡಾಕ್ಹತ್ತೀರಿ?" ಪತ್ರ ಬರೆದುಕೊಟ್ಟಿದ್ದು ತಾವೇ ಅಂತ ಕೊಡುವವರು ಒಪ್ಪುತ್ತಾರಾ ಅಂತ ಕೇಳುವುದು ಕಾನೂನಿನ ಕೆಲಸ. ಅದನ್ನು ಹೆಬ್ಬೆಟ್ಟು ಒತ್ತಿಸಿ ಮುಗಿಸಬಹುದಿತ್ತು. ಅವರು ಉತ್ತರ ಬರುವವರೆಗೆ ಕಾದರು. ಅಮ್ಮ "ಸಣ್ಣ ಮಗಗ ರೀ, ಬಾಡಿಗಿ ಮಾತ್ರ ನಂದು" ಅಂದಳು. ಅಧಿಕಾರಿ ನಕ್ಕರು. ತಮ್ಮನೂ ನಕ್ಕ. ಚೆನ್ನೈನಲ್ಲಿ ಪಕ್ಕದವರ ಪತ್ರಕ್ಕೆ ಸಾಕ್ಷಿ ಹಾಕಲು ಹೋಗಿದ್ದಾಗ ಫೋಟೋ, ಬೆರಳಚ್ಚು ಆಗಿ ಐದು ನಿಮಿಷದಲ್ಲಿ ಹೊರಗೆ ಬಂದಿದ್ದೆವು. ಅಲ್ಲಿ ಆ ಹಿರಿಯರನ್ನು ಹೀಗೆ ಕೂರಿಸಿ ಕೇಳಿದ್ದು ನನಗೆ ನೆನಪಿಲ್ಲ.

ಮಾವ ಮಾತ್ರ ಇನ್ನೂ ಒಪ್ಪಿಲ್ಲ. ಅವನೂ ಈಗ ತನ್ನ ಎರಡಂಕಣದ ಮನೆಯನ್ನು ಮಗನಿಗೆ ಬರೆಯುವ ಯೋಚನೆಯಲ್ಲಿದ್ದಾನಂತೆ. ನಮ್ಮ ಪತ್ರದ ಜೆರಾಕ್ಸ್ ಒಂದು ಬೇಕು ಅಂತ ತಂಗಿಯ ಹತ್ತಿರ ಕೇಳಿದ್ದಾನೆ, ನನ್ನ ಹತ್ತಿರ ಅಲ್ಲ.