ಸವಿ ಒಂಬತ್ತು ಸ್

ಅಂಗಡಿಯ ಗಾಜಿನ ಬಾಗಿಲಿಗೆ ವಿನೈಲ್ ಅಕ್ಷರ ಕತ್ತರಿಸಿ ಅಂಟಿಸೋದು ನನ್ನ ಕೆಲಸ. ಗಾಜಿನ ದೊಡ್ಡ ತರಲೆ ಏನೆಂದರೆ ಅದಕ್ಕೆ ಎರಡು ಮುಖ. ಹೊರಗಡೆ ಅಂಟಿಸಿದರೆ ಅಕ್ಷರ ನೇರವಾಗಿಯೇ ಕತ್ತರಿಸಿದರೆ ಸಾಕು. ಆದರೆ ಕನ್ನಡಕದಂಗಡಿಯ ಯಜಮಾನರು ಒಪ್ಪಲಿಲ್ಲ. "ಬಂದು ಹೋಗೋರೆಲ್ಲ ಸುಮ್ನೆ ಉಗುರಲ್ಲಿ ಕೆರೀತಾರೆ ಕಣ್ರೀ, ಒಳಗಿಂದ ಅಂಟಿಸಿ" ಅಂದರು.

ಮಾತು ನ್ಯಾಯವಾದದ್ದೇ. ಒಳಗಿಂದ ಅಂಟಿಸಬೇಕೆಂದರೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕತ್ತರಿಸಬೇಕು. ಆಗಲೇ ಹೊರಗೆ ನಿಂತವರಿಗೆ ಸರಿಯಾಗಿ ಕಾಣುತ್ತದೆ. 'ಕನ್ನಡಕ ಸರ್ವಿಸ್' ಅನ್ನೋ ಎರಡು ಪದ ಮಷಿನ್ನಿಂದ ಉಲ್ಟಾ ಹೊರಬಂದಾಗ ಯಜಮಾನರು ತಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದೇನ್ರೀ, ಯಾವ ಭಾಷೆ?"

ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ನಮ್ಮ ಹುಡುಗ ವೀಡಿಂಗ್‌ಗೆ ಕೂತಿದ್ದ. ಅಂದರೆ ಅಕ್ಷರ ಉಳಿಸಿಕೊಂಡು ಸುತ್ತಲಿನ, ಹೊಟ್ಟೆಯೊಳಗಿನ ಬೇಡದ ವಿನೈಲ್ ಕಿತ್ತು ತೆಗೆಯುವ ಕೆಲಸ. ಬೇಡದ ವಿನೈಲನ್ನು ಮೇಲಕ್ಕೆ ಜಗ್ಗಬಾರದು. ಹಿಂದಕ್ಕೆ ಮಡಚಿದಂತೆ ಹಿಡಿದು, ಕೆಳಗಿನ ಕಾಗದಕ್ಕೆ ತಾಗಿಕೊಂಡೇ ನಿಧಾನವಾಗಿ ಎಳೆಯಬೇಕು. ಇಲ್ಲದಿದ್ದರೆ ಬೇಡದ್ದರ ಜೊತೆ ಬೇಕಾದ್ದೂ ಎದ್ದು ಬರುತ್ತದೆ. ಬ್ಲೇಡ್ ಮೇಲೆಮೇಲೆ ಕತ್ತರಿಸಿದ್ದರೂ ಅದೇ ಗತಿ. ಜಾಸ್ತಿ ಆಳಕ್ಕಿಳಿದಿದ್ದರೆ ಕೆಳಗಿನ ಕಾಗದವೂ ಸೀಳಿ ಅಕ್ಷರದ ಜೊತೆ ಎದ್ದುಬರುತ್ತದೆ. ಅದಕ್ಕೇ ಮೊದಲು ಮೂಲೆಯಲ್ಲೊಂದು ಪುಟ್ಟ ಚೌಕ ಕತ್ತರಿಸಿ ಕಿತ್ತು ನೋಡೋದು.

ಹುಡುಗನ ಕೈ ಚುರುಕು. ಕೊಕ್ಕೆಮೊನೆಯ ಸೂಜಿ ಹಿಡಿದು 'ವಿ'ಯ ಹೊಟ್ಟೆಯ ಚೂರನ್ನು ಎತ್ತಿದ, ಫೋನ್ ನಂಬರಿನ ಎಂಟರ ಎರಡೂ ತೂತು ಎತ್ತಿದ. ಅದೇ ಹುರುಪಿನಲ್ಲಿ ಅರ್ಕಾವೊತ್ತನ್ನೂ ಎತ್ತಿಬಿಟ್ಟ! ಅವನದೂ ತಪ್ಪಲ್ಲ. ನೇರ ಬರಹದಲ್ಲಿ ಓದುತ್ತಾ ಹೋಗ್ತೀವಿ, ಯಾವುದು ಅಕ್ಷರ ಯಾವುದು ಕಸ ಅಂತ ಕಣ್ಣೇ ಹೇಳುತ್ತದೆ. ಉಲ್ಟಾ ಬರಹದಲ್ಲಿ ಓದು ನಿಂತುಹೋಗುತ್ತದೆ, ಎಲ್ಲವೂ ಚೂರುಗಳೇ. ಅರ್ಕಾವೊತ್ತು ಆ ಹೊತ್ತಿಗೆ ಅವನ ಮೊಣಕೈಗೆ ಅಂಟಿಕೊಂಡು ಅಂಗಡಿಯೆಲ್ಲ ಓಡಾಡುತ್ತಿತ್ತು. ಬಾಗಿಲಿಗೆ ಉಳಿದದ್ದು 'ಸವಿಸ್'. ಪದವನ್ನು ಮತ್ತೆ ಕತ್ತರಿಸಿದೆವು. ಈ ಸಲ ಉಲ್ಟಾ ಪ್ರಿಂಟನ್ನೇ ಅವನ ಪಕ್ಕದಲ್ಲಿಟ್ಟೆ. ಅದರಲ್ಲಿ ಕಪ್ಪಗಿರೋದನ್ನು ಮುಟ್ಟಂಗಿಲ್ಲ, ಅಷ್ಟೇ. ಓದುವ ತಾಪತ್ರಯವೇ ಇಲ್ಲ.

ಮತ್ತೆ ಕತ್ತರಿಸುವ ಮುಂಚೆ ಯಜಮಾನರು ಸ್ಕೇಲ್ ಹಿಡಿದು ಕಂಪ್ಯೂಟರಿನ ಮುಂದೆ ಬಂದರು. "ಅಕ್ಷರಗಳ ನಡುವೆ ಎಲ್ಲಾ ಕಡೆ 12 ಮಿಲಿಮೀಟರ್ ಇರಲಿ. ಲೆಕ್ಕ ಅಂದ್ರೆ ಲೆಕ್ಕ." ಅಕ್ಷರಗಳನ್ನು ಆಗಲೇ ಗೆರೆಗಳಾಗಿ ಬದಲಾಯಿಸಿಯಾಗಿತ್ತು. ಆಮೇಲೆ ಸಾಫ್ಟ್‌ವೇರಿಗೆ ಒತ್ತೂ ಒಂದೇ, ಅಕ್ಷರವೂ ಒಂದೇ. ಅವರು ಹೇಳಿದಂತೆಯೇ ಮಾಡಿ ತೋರಿಸಿದೆ. ಅರ್ಕಾವೊತ್ತಿನ ಆಚೆ 12, ಈಚೆ 12. ಅದು 'ವಿ'ಯ ನಂಟು ಕಳಚಿಕೊಂಡು ಸ್ವತಂತ್ರವಾಗಿ ನಿಂತಿತು. ಕೌಂಟರ್ ಬಳಿ ಕಾಯುತ್ತಿದ್ದ ಅಜ್ಜಿಯೊಬ್ಬರು ಪರದೆ ನೋಡಿ ಜೋರಾಗಿ ಓದಿದರು: "ಸವಿ ಒಂಬತ್ತು ಸ್."

'ನ್ನ'ದಲ್ಲಿ ಇನ್ನೊಂದು ತಮಾಷೆ. ಕೆಳಗಿನ ಒತ್ತು ಬಲಕ್ಕೆ ಚಾಚಿಕೊಂಡಿರುತ್ತದೆ. ಅಳತೆ ಅದರ ತುದಿಯಿಂದ ಶುರುವಾದರೆ ಮೇಲೆ 'ನ'ಕ್ಕೂ 'ಡ'ಕ್ಕೂ ನಡುವೆ ಹಲ್ಲು ಬಿದ್ದಂಥ ಜಾಗ. ಓದಿದರೆ 'ಕನ್ನ' ಒಂದು ಕಡೆ, 'ಡಕ' ಇನ್ನೊಂದು ಕಡೆ. ಅಂಗಡಿಯವರಿಗೆ ಕನ್ನದ ಹೆಸರು ಒಳ್ಳೇದಲ್ಲ ಅಲ್ವಾ?

ಹಾಗಾಗಿ ಒತ್ತುಗಳನ್ನು ಅವುಗಳ ಅಕ್ಷರದ ಜೊತೆ ಗುಂಪು ಮಾಡಿದೆ. ಸ್ಕೇಲನ್ನು ಯಜಮಾನರ ಕೈಯಿಂದ ನಯವಾಗಿ ಇಸಕೊಂಡೆ. ಇಲ್ಲಿ ನೋಡಬೇಕಾದ್ದು ಎರಡು ಅಂಚುಗಳ ದೂರವಲ್ಲ, ನಡುವೆ ಕಾಣುವ ಖಾಲಿ ಜಾಗ. ಗುಂಡನೆಯ ಬದಿಗಳು ಎದುರುಬದುರಾದರೆ ಮೇಲೂ ಕೆಳಗೂ ತಾನಾಗೇ ಜಾಗ ಸಿಗುತ್ತದೆ, ಅವನ್ನು ಇನ್ನಷ್ಟು ಹತ್ತಿರ ತಳ್ಳಬೇಕು. ಇದನ್ನು ನೋಡೋಕೆ ಉಲ್ಟಾ ಬರಹವೇ ಒಳ್ಳೇದು. ಹುಡುಗನಿಗೆ ಕೈಕೊಟ್ಟ ಅದೇ ಗುಣ ಇಲ್ಲಿ ಉಪಕಾರಿ. ಓದೋಕೆ ಬರದ್ದರಿಂದ ಕಣ್ಣು ಪದದ ಹಿಂದೆ ಓಡದೆ ಕಪ್ಪು ಬಿಳುಪನ್ನಷ್ಟೇ ನೋಡುತ್ತದೆ. ತೂತು ಎಲ್ಲಿದೆ ಅಂತ ಥಟ್ಟನೆ ಗೊತ್ತಾಗುತ್ತದೆ.

ಅಂಟಿಸುವ ಕೆಲಸ ಬೇಗ ಮುಗಿಯಿತು. ಹೊರಗಿಂದ 'ಕನ್ನಡಕ ಸರ್ವಿಸ್' ಅಚ್ಚುಕಟ್ಟಾಗಿ ಕಂಡಿತು. ಹಿಡಿಕೆಯ ಪಕ್ಕ ಒಂದು ಪುಟ್ಟ 'ತಳ್ಳಿ'. ಒಳಗಿದ್ದ ಅಜ್ಜಿ ಹೊಸ ಕನ್ನಡಕ ಹಾಕಿಕೊಂಡು ಹೊರಡುವಾಗ ಆ ಪದದ ಮುಂದೆ ನಿಂತರು. ಉಲ್ಟಾ ಇದ್ದದ್ದನ್ನು ಅಕ್ಷರ ಅಕ್ಷರ ಕೂಡಿಸಿ ಓದಿಯೇಬಿಟ್ಟರು. ಆಮೇಲೆ ಎಳೆಯಬೇಕಾದ ಬಾಗಿಲನ್ನು ಎರಡೂ ಕೈ ಕೊಟ್ಟು ತಳ್ಳತೊಡಗಿದರು.

ನಾನು ಓಡಿಹೋಗಿ ಬಾಗಿಲು ಎಳೆದು ಕೊಟ್ಟೆ. 'ತಳ್ಳಿ'ಯ ಬೆನ್ನಿಗೆ ಬೆಳಕು ದಾಟದ ವಿನೈಲ್ ಪಟ್ಟಿ ಹಾಕಿ, ಅದರ ಮೇಲೆ ನೇರಕ್ಕೆ 'ಎಳೆಯಿರಿ' ಅಂತ ಅಂಟಿಸಿದೆ. ಯಜಮಾನರು ಮಾತ್ರ ಬೇಜಾರಿನಲ್ಲಿದ್ದರು.

"ಇರಲಿ ಬಿಡ್ರೀ ಅಂತಿದ್ದೆ. ಕಣ್ಣು ಟೆಸ್ಟ್ ಮಾಡೋಕೆ ಅನುಕೂಲ ಆಗ್ತಿತ್ತು."